ಅನ್‌ಲಿಮಿಟೆಡ್ ಪ್ಲಾನ್, ಇಪ್ಪತ್ತಾರನೇ ದಿನ

ಬ್ರಾಡ್‌ಬ್ಯಾಂಡ್ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ತಿಂಗಳ ಬೆಲೆ ಮತ್ತು ಸ್ಪೀಡ್. ಪಕ್ಕದಲ್ಲೇ ‘ಅನ್‌ಲಿಮಿಟೆಡ್ ಡೇಟಾ’ ಎಂದಿರುತ್ತದೆ, ಅದರ ತಲೆಯ ಮೇಲೊಂದು ಪುಟ್ಟ ನಕ್ಷತ್ರ. ಆ ನಕ್ಷತ್ರದ ಅರ್ಥ ಪುಟದ ತಳದಲ್ಲಿ, ಓದಲು ಕಣ್ಣು ಕಿರಿದು ಮಾಡಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಸಿಗುತ್ತದೆ: ತಿಂಗಳಿಗೆ ಇಷ್ಟು ಜಿಬಿ ಬಳಸಿದ ಮೇಲೆ ಸ್ಪೀಡ್ ಇಷ್ಟಕ್ಕೆ ಇಳಿಯುತ್ತದೆ. ಇದೇ ಫೇರ್ ಯೂಸೇಜ್ ಪಾಲಿಸಿ, ಎಲ್ಲರ ಬಾಯಲ್ಲಿ ಎಫ್‌ಯುಪಿ. ಮಿತಿ ದಾಟಿದರೆ ನೆಟ್ ಕಟ್ ಆಗುವುದಿಲ್ಲ, ಬಿಲ್ಲೂ ಏರುವುದಿಲ್ಲ. ನೆಟ್ ತೆವಳತೊಡಗುತ್ತದೆ, ಅಷ್ಟೆ. ಅನ್‌ಲಿಮಿಟೆಡ್ ಎಂದು ಕಂಪನಿಗಳು ಹೇಳಿಕೊಳ್ಳುವುದು ಈ ಬಲದ ಮೇಲೆಯೇ.

ಮನೆಗೆ ಫೈಬರ್ ಎಳೆಸಿಕೊಂಡವರಿಗೆ ಈ ಮಿತಿ ಸಾಮಾನ್ಯವಾಗಿ ಎದುರಾಗುವುದೇ ಇಲ್ಲ. ನಮ್ಮಲ್ಲಿ ದೊಡ್ಡ ಕಂಪನಿಗಳ ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ ಎಂಬ ಅಂಕಿ ಬಹಳ ಕಡೆ ಕಾಣುತ್ತದೆ. ಬಿಎಸ್‌ಎನ್‌ಎಲ್ 2020ರಲ್ಲಿ ತಂದ 449 ರೂಪಾಯಿಯ ಫೈಬರ್ ಪ್ಲಾನ್ ಹೀಗಿತ್ತು: 3300 ಜಿಬಿವರೆಗೆ 30 ಎಂಬಿಪಿಎಸ್, ಆಮೇಲೆ 2 ಎಂಬಿಪಿಎಸ್. ದಿನಕ್ಕೆ ಹಂಚಿದರೆ 110 ಜಿಬಿ. ನಾಲ್ಕು ಜನರ ಮನೆಗೆ ಅದು ಧಾರಾಳ. ಎಡವುವುದು ಬೇರೆ ಕಡೆ. ತಂತಿಯಿಲ್ಲದೆ ತಾರಸಿಯ ಮೇಲೆ ಆಂಟೆನಾ ಕೂರಿಸಿ ಕೊಡುವ ಏರ್‌ಫೈಬರ್ ಸಂಪರ್ಕಗಳಲ್ಲಿ ಮಿತಿ 1000 ಜಿಬಿ ಇರುವುದು ಸಾಮಾನ್ಯ. ಊರಿನ ಕೇಬಲ್ ಆಪರೇಟರ್ ಕೊಡುವ ಅಗ್ಗದ ಪ್ಲಾನ್‌ಗಳಲ್ಲಿ ಇನ್ನೂ ಕಡಿಮೆ ಇರಬಹುದು. ಸಾವಿರ ಜಿಬಿ ಎಂದರೆ ಕೇಳಲು ಬಹಳ. ಮುಗಿಯುವುದು ಹೇಗೆಂದು ನೋಡಲು ಒಂದು ಮನೆಯ ಲೆಕ್ಕ ಹಾಕೋಣ.

ಶಿವಮೊಗ್ಗದಲ್ಲಿ ನಾಲ್ಕು ಜನರ ಮನೆ ಎಂದುಕೊಳ್ಳಿ. 100 ಎಂಬಿಪಿಎಸ್ ಸಂಪರ್ಕ, ತಿಂಗಳಿಗೆ 1000 ಜಿಬಿ ಮಿತಿ, ಆಮೇಲೆ 2 ಎಂಬಿಪಿಎಸ್. ಟಿವಿಯಲ್ಲಿ ದಿನಕ್ಕೆ ನಾಲ್ಕು ಗಂಟೆ ಧಾರಾವಾಹಿ, ಕ್ರಿಕೆಟ್, ಸಿನಿಮಾ. ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ, ಅಲ್ಲಿಗೆ 12 ಜಿಬಿ. ನಾಲ್ಕು ಮೊಬೈಲ್‌ಗಳ ರೀಲ್ಸು, ವಿಡಿಯೊ ಕಾಲ್ ಎಲ್ಲ ಸೇರಿ 6 ಜಿಬಿ. ದಿನಕ್ಕೆ 18 ಜಿಬಿ ಆಯಿತು, ತಿಂಗಳಿಗೆ 540. ಇಲ್ಲಿಯವರೆಗೆ ಚಿಂತೆಯಿಲ್ಲ, ಸುಮಾರು ಅರ್ಧದಷ್ಟು ಉಳಿಯುತ್ತದೆ.

ಈ ಮನೆಯ ಗೇಟಿನ ಮೇಲೆ ಒಂದು ವೈಫೈ ಕ್ಯಾಮೆರಾ ಇದೆ. ಮಗ ಹೊರದೇಶದಿಂದ ನೋಡಲೆಂದು ಅದು ಹಗಲು ರಾತ್ರಿ ವಿಡಿಯೊವನ್ನು ಕ್ಲೌಡ್‌ಗೆ ಕಳಿಸುತ್ತಿರುತ್ತದೆ, 2 ಎಂಬಿಪಿಎಸ್ ದರದಲ್ಲಿ. ಎಂಬಿಪಿಎಸ್ ಎನ್ನುವುದು ಬಿಟ್‌ಗಳ ಲೆಕ್ಕ, ಜಿಬಿ ಎನ್ನುವುದು ಬೈಟ್‌ಗಳ ಲೆಕ್ಕ. ಎಂಟು ಬಿಟ್‌ಗೆ ಒಂದು ಬೈಟ್. ಆದ್ದರಿಂದ 2 ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಕಾಲು ಎಂಬಿ. ಕಾಲು ಎಂಬಿಯೇ ತಾನೆ ಅನ್ನಿಸುತ್ತದೆ. ಆದರೆ ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 21.6 ಜಿಬಿ, ತಿಂಗಳಿಗೆ 648. ಮನೆಮಂದಿಯೆಲ್ಲ ಸೇರಿ ಬಳಸುವುದಕ್ಕಿಂತ ಗೇಟಿನ ಕ್ಯಾಮೆರಾ ಒಂದೇ ಹೆಚ್ಚು ಬಳಸುತ್ತಿದೆ! ಎಲ್ಲ ಕೂಡಿದರೆ ದಿನಕ್ಕೆ 39.6 ಜಿಬಿ, ಸಾವಿರ ಜಿಬಿ ಇಪ್ಪತ್ತಾರನೇ ದಿನ ಮುಗಿಯುತ್ತದೆ.

ಡೌನ್‌ಲೋಡ್ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂದು ನಂಬಿದವರು ಬಹಳ ಮಂದಿ. ಷರತ್ತಿನಲ್ಲಿ ‘ಅಪ್‌ಲೋಡ್ ಮತ್ತು ಡೌನ್‌ಲೋಡ್ ಸೇರಿ’ ಎಂದಿದ್ದರೆ ಕ್ಯಾಮೆರಾ ಕಳಿಸುವ ವಿಡಿಯೊ, ಫೋನು ರಾತ್ರಿಯೆಲ್ಲ ಬ್ಯಾಕಪ್ ಮಾಡುವ ಫೋಟೊ, ಎಲ್ಲವೂ ಅದೇ ಸಾವಿರದಿಂದಲೇ ಕಳೆಯುತ್ತವೆ. ಡಿವಿಆರ್ ಪೆಟ್ಟಿಗೆಯಲ್ಲೋ ಮೆಮೊರಿ ಕಾರ್ಡಿನಲ್ಲೋ ರೆಕಾರ್ಡ್ ಆಗುವ ಕ್ಯಾಮೆರಾ ಹಾಗಲ್ಲ. ಯಾರಾದರೂ ಹೊರಗಿನಿಂದ ತೆರೆದು ನೋಡಿದಾಗ ಮಾತ್ರ ಅದು ನೆಟ್ ಬಳಸುತ್ತದೆ.

ಮಿತಿ ಮುಟ್ಟಿದ ಗಳಿಗೆಯಲ್ಲಿ ಆಗುವುದೇನು? ನಿಮ್ಮ ರೂಟರ್‌ಗೆ ಏನೂ ಆಗುವುದಿಲ್ಲ. ಕಂಪನಿಯ ಕಡೆ ಗ್ರಾಹಕರ ಸಂಪರ್ಕಗಳೆಲ್ಲ ಬಂದು ಸೇರುವ ಒಂದು ದೊಡ್ಡ ಯಂತ್ರವಿದೆ. ನಿಮ್ಮ ಲಾಗಿನ್ ಹೆಸರಿನಲ್ಲಿ ಎಷ್ಟು ಬೈಟ್ ಹೋಯಿತು, ಎಷ್ಟು ಬಂತು ಎಂಬ ಲೆಕ್ಕವನ್ನು ಅದು ಆಗಾಗ ಬಿಲ್ಲಿಂಗ್ ಸರ್ವರ್‌ಗೆ ಒಪ್ಪಿಸುತ್ತಿರುತ್ತದೆ. ಮೊತ್ತ ಮಿತಿ ದಾಟಿದೊಡನೆ ಸರ್ವರ್‌ನಿಂದ ಒಂದು ಆದೇಶ ಬರುತ್ತದೆ: ಈ ಗ್ರಾಹಕರ ಸ್ಪೀಡ್ ಇನ್ನು 2 ಎಂಬಿಪಿಎಸ್. ಅಲ್ಲಿಂದ ಮುಂದೆ ಆ ದರ ಮೀರಿ ಬಂದ ಪ್ಯಾಕೆಟ್‌ಗಳನ್ನು ಯಂತ್ರ ತಡೆದು ನಿಧಾನಿಸುತ್ತದೆ, ಇಲ್ಲವೇ ಬಿಸಾಡುತ್ತದೆ. ಹೊಸ ಬಿಲ್ಲಿಂಗ್ ಸೈಕಲ್ ಶುರುವಾದಾಗ ಹಳೆಯ ಸ್ಪೀಡ್ ಮರಳಬೇಕು. ಕೆಲವೊಮ್ಮೆ ಹಳೆಯ ಲಾಗಿನ್ ಹಾಗೆಯೇ ಅಂಟಿಕೊಂಡಿದ್ದು ಸ್ಪೀಡ್ ಬರುವುದಿಲ್ಲ. ಆಗ ರೂಟರ್ ಆರಿಸಿ ಹಚ್ಚಿದರೆ ಹೊಸದಾಗಿ ಲಾಗಿನ್ ಆಗಿ ಸರಿಹೋಗುತ್ತದೆ. ಸೈಕಲ್ಲಿನ ನಡುವೆ ರೂಟರನ್ನು ಎಷ್ಟು ಸಲ ಆರಿಸಿ ಹಚ್ಚಿದರೂ ಏನೂ ಆಗದು, ಏಕೆಂದರೆ ಲೆಕ್ಕ ಇರುವುದು ಅಲ್ಲಿ.

2 ಎಂಬಿಪಿಎಸ್‌ನಲ್ಲಿ ಒಂದು ಜಿಬಿ ಇಳಿಯಲು ಒಂದು ಗಂಟೆ ಏಳು ನಿಮಿಷ ಬೇಕು. ವಾಟ್ಸಾಪ್ ಸಂದೇಶ, ಯುಪಿಐ, ಸಾಧಾರಣ ಗುಣಮಟ್ಟದ ಒಂದು ವಿಡಿಯೊ, ಇಷ್ಟಕ್ಕೆ ತೊಂದರೆಯಿಲ್ಲ. ಆದರೆ ನಮ್ಮ ಶಿವಮೊಗ್ಗದ ಮನೆಯಲ್ಲಿ ಇದೂ ನಡೆಯುವುದಿಲ್ಲ. ಮಿತಿಯ ಆಚೆ ಅಪ್‌ಲೋಡ್ ಕೂಡ 2ಕ್ಕೆ ಇಳಿದರೆ ಅಷ್ಟನ್ನೂ ಕ್ಯಾಮೆರಾ ಒಂದೇ ನುಂಗಿಬಿಡುತ್ತದೆ. ಯಾವುದೇ ಪುಟ ತೆರೆಯಬೇಕಾದರೂ ನಿಮ್ಮ ಕಡೆಯಿಂದ ಕೋರಿಕೆ ಹೋಗಬೇಕು, ‘ತಲುಪಿತು’ ಎಂಬ ಉತ್ತರಗಳು ಹೋಗುತ್ತಲೇ ಇರಬೇಕು. ಅವೆಲ್ಲ ಕ್ಯಾಮೆರಾದ ವಿಡಿಯೊದ ಹಿಂದೆ ಸಾಲುಗಟ್ಟಿ ನಿಲ್ಲುತ್ತವೆ. ನೆಟ್ ಪೂರ್ತಿ ಸತ್ತಿದೆ ಎಂದು ಮನೆಯವರು ಹೌಹಾರುವುದು ಆಗಲೇ. ಮದ್ದು ಸುಲಭ: ಕ್ಯಾಮೆರಾದ ಆ್ಯಪ್‌ನಲ್ಲಿ ಸದಾ ರೆಕಾರ್ಡಿಂಗ್ ಬದಲು ಚಲನೆ ಕಂಡಾಗ ಮಾತ್ರ ರೆಕಾರ್ಡಿಂಗ್ ಎಂದು ಬದಲಾಯಿಸುವುದು. ದಿನಕ್ಕೆ ಒಟ್ಟು ಮೂರು ಗಂಟೆ ಚಲನೆ ಇದ್ದರೂ 2.7 ಜಿಬಿ. ಇಡೀ ಮನೆಯ ತಿಂಗಳ ಬಳಕೆ 621 ಜಿಬಿಗೆ ಇಳಿಯುತ್ತದೆ, ಅದೂ ಟಿವಿಯನ್ನು ಒಂದು ನಿಮಿಷವೂ ಕಡಿಮೆ ಮಾಡದೆ.

ನೆಟ್ ನಿಧಾನವಾದಾಗಲೆಲ್ಲ ಎಫ್‌ಯುಪಿಯನ್ನೇ ದೂರುವುದೂ ಸರಿಯಲ್ಲ. ಪತ್ತೆಹಚ್ಚಲು ಲ್ಯಾಪ್‌ಟಾಪನ್ನು ರೂಟರ್‌ಗೆ ಕೇಬಲ್‌ನಿಂದ ಜೋಡಿಸಿ, ಕ್ಯಾಮೆರಾ, ಟಿವಿ ಆರಿಸಿ, fast.com ತೆರೆಯಿರಿ. ಬೆಳಿಗ್ಗೆ ಆರಕ್ಕೂ ರಾತ್ರಿ ಒಂಬತ್ತಕ್ಕೂ ಅಂಕಿ 2ರ ಆಸುಪಾಸಿನಲ್ಲೇ ಅಲುಗಾಡದೆ ನಿಂತಿದ್ದರೆ ಅದು ಬೇಕೆಂದೇ ಇಟ್ಟ ಕಡಿವಾಣ. ಬೆಳಿಗ್ಗೆ 95 ಬಂದು ರಾತ್ರಿ 11ಕ್ಕೋ 30ಕ್ಕೋ ಹೊಯ್ದಾಡಿದರೆ ಅದು ದಟ್ಟಣೆ; ಅದಕ್ಕೂ ನಿಮ್ಮ ಜಿಬಿಗೂ ಸಂಬಂಧವಿಲ್ಲ. ಕೇಬಲ್‌ನಲ್ಲಿ ಚೆನ್ನಾಗಿದ್ದು ಒಳಕೋಣೆಯ ಮೊಬೈಲಿನಲ್ಲಿ ಮಾತ್ರ ಕೆಟ್ಟದಾಗಿದ್ದರೆ ವೈಫೈಯನ್ನು ಗೋಡೆ ತಿನ್ನುತ್ತಿದೆ. ಕಡಿವಾಣವೆಂದು ಅನುಮಾನ ಬಂದರೆ ಕಂಪನಿಯ ಆ್ಯಪ್‌ನಲ್ಲಿ ಬಳಕೆಯ ಪುಟ ನೋಡಿ. ಬಳಸಿದ ಜಿಬಿ, ಸೈಕಲ್ ಮುಗಿಯುವ ದಿನ ಎರಡೂ ಅಲ್ಲಿರುತ್ತವೆ. ಸೈಕಲ್ ಒಂದನೇ ತಾರೀಕಿಗೇ ಶುರುವಾಗಬೇಕೆಂದಿಲ್ಲ; ಸಂಪರ್ಕ ಪಡೆದದ್ದು 17ಕ್ಕಾದರೆ ಪ್ರತಿ ತಿಂಗಳ 17ಕ್ಕೆ ಶುರುವಾಗಬಹುದು.

ಕಂಪನಿಗಳು ಈ ಮಿತಿಗೆ ಕೊಡುವ ಸಮರ್ಥನೆಯಲ್ಲಿ ಅರ್ಧ ನಿಜವಿದೆ. ಬೀದಿಗೆ ಬರುವ ಒಂದು ಫೈಬರ್ ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಆ ಎಳೆಯ ಒಟ್ಟು ಡೌನ್‌ಲೋಡ್ ಶಕ್ತಿ, ಜಿಪಾನ್ ತಂತ್ರದಲ್ಲಿ, ಸುಮಾರು 2500 ಎಂಬಿಪಿಎಸ್. ಒಂದೇ ಸಂಪರ್ಕವನ್ನು ಇಡೀ ಪಿಜಿಗೆ ಹಂಚುವವರನ್ನು ತಡೆಯಲು ಮಿತಿ ಬೇಕು, ಒಪ್ಪೋಣ. ಆದರೆ ದಟ್ಟಣೆ ಇರುವುದು ರಾತ್ರಿ ಎಂಟರಿಂದ ಹನ್ನೊಂದರವರೆಗೆ. ಬೆಳಗಿನ ಜಾವ ಮೂರಕ್ಕೆ ಗೇಮ್ ಇಳಿಸಿಕೊಂಡವನಿಂದ ಪಕ್ಕದ ಮನೆಗೆ ಏನು ತೊಂದರೆ? ತಿಂಗಳ ಲೆಕ್ಕ ಅವನನ್ನೂ ಅಷ್ಟೇ ಶಿಕ್ಷಿಸುತ್ತದೆ. ದಟ್ಟಣೆ ನಿಭಾಯಿಸುವುದಕ್ಕಿಂತ ಮೇಲಿನ ಪ್ಲಾನ್ ಮಾರುವುದಕ್ಕೇ ಈ ಮಿತಿ ಹೆಚ್ಚು ಒದಗುತ್ತದೆ ಎಂದೇ ನನ್ನ ಅನಿಸಿಕೆ.

ಕಾನೂನಿನ ಕಡೆ ಗ್ರಾಹಕರಿಗೆ ಸ್ವಲ್ಪ ಆಸರೆಯಿದೆ. ಮಿತಿ ಎಷ್ಟು, ಅಲ್ಲಿಯವರೆಗೆ ಸ್ಪೀಡ್ ಎಷ್ಟು, ಆಮೇಲೆ ಎಷ್ಟು ಎಂಬುದನ್ನು ಸ್ಪಷ್ಟವಾಗಿ ಪ್ರಕಟಿಸಬೇಕೆಂದು ಟ್ರಾಯ್ 2016ರಲ್ಲಿ ನಿರ್ದೇಶನ ಕೊಟ್ಟಿತು. ಬಳಕೆ ಶೇ 50 ಮತ್ತು ಶೇ 90 ಮುಟ್ಟಿದಾಗ ಗ್ರಾಹಕರಿಗೆ ತಿಳಿಸಬೇಕು, ಮನೆಯ ಸಂಪರ್ಕದ ಡೌನ್‌ಲೋಡ್ ಸ್ಪೀಡನ್ನು 512 ಕೆಬಿಪಿಎಸ್‌ಗಿಂತ ಕೆಳಗಿಳಿಸಬಾರದು ಎಂದೂ ಅದರಲ್ಲಿತ್ತು. ಆಗ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಿದ್ದ ಕನಿಷ್ಠ ಸ್ಪೀಡ್ ಅದೇ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆ ವ್ಯಾಖ್ಯೆಯನ್ನು 2 ಎಂಬಿಪಿಎಸ್‌ಗೆ ಏರಿಸಿತು. ಹಾಗಾಗಿ ಮಿತಿಯ ಆಚೆ 1 ಎಂಬಿಪಿಎಸ್ ಕೊಡುವ ಪ್ಲಾನ್ ತಿಂಗಳ ಕೊನೆಯಲ್ಲಿ ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡೇ ಅಲ್ಲ. ಎಚ್ಚರಿಕೆಯ ಎಸ್ಸೆಮ್ಮೆಸ್ ಬರುವುದು ನೋಂದಾಯಿತ ನಂಬರಿಗೆ. ಸಂಪರ್ಕ ಹಾಕಿಸುವಾಗ ಬಾಡಿಗೆ ಮನೆಯ ಮಾಲೀಕರ ನಂಬರ್ ಕೊಟ್ಟಿದ್ದರೆ ಅದು ಅವರ ಫೋನಿನಲ್ಲಿ ಬಿದ್ದಿರುತ್ತದೆ.

ದುಡ್ಡು ಕಟ್ಟುವ ಮುಂಚೆ ಪ್ಲಾನಿನ ಷರತ್ತುಗಳಲ್ಲಿ ಮೊದಲು ಹುಡುಕಬೇಕಾದ್ದು ಮಿತಿಯ ಆಚೆಗಿನ ಸ್ಪೀಡ್. ಮಿತಿಯ ಅಂಕಿಗಿಂತ ಅದೇ ಮುಖ್ಯ ಎನ್ನುವೆ. ಮುಗಿದ ಮೇಲೆ 10 ಎಂಬಿಪಿಎಸ್ ಸಿಕ್ಕರೆ ಟಿವಿ ನಡೆಯುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಮೊಬೈಲ್ ಪ್ಲಾನ್‌ಗಳಲ್ಲಿ ದಿನದ ಡೇಟಾ ಮುಗಿದ ಮೇಲೆ ಸಿಗುವ 64 ಕೆಬಿಪಿಎಸ್‌ನಲ್ಲಿ ಒಂದು ಎಂಬಿಯ ಫೋಟೊ ತೆರೆಯಲು ಎರಡು ನಿಮಿಷ ದಾಟುತ್ತದೆ. ಆಮೇಲೆ ನೋಡಬೇಕಾದ್ದು ಅಪ್‌ಲೋಡ್ ಲೆಕ್ಕಕ್ಕಿದೆಯೇ ಎಂಬುದು. ವರ್ಷದ ಪ್ಲಾನ್ ಆದರೆ ಮಿತಿ ತಿಂಗಳಿಗೋ ಇಡೀ ವರ್ಷಕ್ಕೋ ಎಂದೂ ಕೇಳಿಕೊಳ್ಳಿ. ಉಳಿದ ಜಿಬಿ ಮುಂದಿನ ತಿಂಗಳಿಗೆ ಸೇರುತ್ತದೆ ಎಂದು ಬರೆದಿಲ್ಲದಿದ್ದರೆ ಸೇರುವುದಿಲ್ಲ ಎಂದೇ ತಿಳಿಯಿರಿ. ‘ವಾಣಿಜ್ಯ ಬಳಕೆ ನಿಷಿದ್ಧ’ ಎಂಬ ಸಾಲನ್ನು ಮನೆಯಲ್ಲೇ ಟ್ಯೂಷನ್, ಹೊಲಿಗೆ ಅಂಗಡಿ ನಡೆಸುವವರು ಓದಿಕೊಳ್ಳಬೇಕು. ಬೆಲೆಯ ಮೇಲೆ ಶೇ 18 ಜಿಎಸ್‌ಟಿ ಬೇರೆ.

ಷರತ್ತಿನ ಪುಟ ಬದಲಾಗುತ್ತಿರುತ್ತದೆ, ಆದ್ದರಿಂದ ದುಡ್ಡು ಕಟ್ಟಿದ ದಿನವೇ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಮಿತಿ ಮುಟ್ಟುವ ಮೊದಲೇ ಸ್ಪೀಡ್ ಇಳಿಸಿದ್ದರೆ ಆ ಸ್ಕ್ರೀನ್‌ಶಾಟ್, ಬಳಕೆಯ ಪುಟ, ಕೇಬಲ್ ಜೋಡಿಸಿ ತೆಗೆದ ಸ್ಪೀಡ್ ಟೆಸ್ಟ್ ಇಟ್ಟುಕೊಂಡು ಕಾಲ್ ಸೆಂಟರ್‌ಗೆ ದೂರು ಕೊಟ್ಟು ಡಾಕೆಟ್ ನಂಬರ್ ಪಡೆಯಿರಿ. ಅಲ್ಲಿ ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ. ಆದರೆ ಟೆಲಿಕಾಂ ಗ್ರಾಹಕರು ಗ್ರಾಹಕ ವೇದಿಕೆಗೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಹೇಳಿದೆ. ಅಂಥ ಆಯೋಗಗಳು ಜಿಲ್ಲಾ ಮಟ್ಟದಲ್ಲೇ ಇವೆ.