ವಾಲ್ವ್ ತೆರೆಯಬೇಕೋ, ಮುಚ್ಚಬೇಕೋ?

ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪಿನ ಕೈಪಿಡಿಯನ್ನು ಕನ್ನಡಕ್ಕೆ ತರುವವರಿಗೆ ಒಂದು ಗೊಂದಲ ಎದುರಾಗಬಹುದು. ಒಂದು ಪುಟದಲ್ಲಿ ‘ಡೆಲಿವರಿ ವಾಲ್ವ್ ಮುಚ್ಚಿ ಪಂಪ್ ಚಾಲೂ ಮಾಡಿ’ ಎಂದಿರುತ್ತದೆ. ಇನ್ನೊಂದರಲ್ಲಿ ‘ವಾಲ್ವ್ ಮುಚ್ಚಿ ಪಂಪ್ ಓಡಿಸಬೇಡಿ’. ಅಚ್ಚಿನ ತಪ್ಪೆಂದು ತಿದ್ದಲು ಹೊರಡುವ ಮುನ್ನ ತುಸು ಹುಡುಕಬೇಕು.

ಭಾರತೀಯ ಮಾನಕ ಬ್ಯೂರೋದ ಪಂಪ್ ಮಾನಕಗಳು ಮೊದಲ ಮೆಟ್ಟಿಲು. ಉದಾಹರಣೆಗೆ, ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪಿಗೆ ಐಎಸ್ 8034 ಇದೆ. ಹೆಡ್, ಡಿಸ್‌ಚಾರ್ಜ್ ಎಂದರೇನು, ಅವನ್ನು ಹೇಗೆ ಅಳೆಯುತ್ತಾರೆ ಎಂಬುದು ಅಲ್ಲಿ ಸಿಗುತ್ತದೆ. ಆದರೆ ಮಾನಕ ಕಾರಣ ಹೇಳುವುದು ಕಡಿಮೆ. ಅದಕ್ಕೆ ಬೇರೆ ಕಂಪನಿಗಳ ಕೈಪಿಡಿಗಳಲ್ಲಿರುವ ನಕ್ಷೆ ನೋಡಬೇಕು: ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ನೀರಿನ ಹರಿವು ಹೆಚ್ಚಿದಂತೆ ಅದಕ್ಕೆ ಬೇಕಾದ ವಿದ್ಯುತ್ತಿನ ಗೆರೆಯೂ ಮೇಲೇರುತ್ತದೆ. ಅಂದರೆ ವಾಲ್ವ್ ಮುಚ್ಚಿದಾಗ ಮೋಟಾರಿನ ಹೊರೆ ಕನಿಷ್ಠ. ಚಾಲೂ ಮಾಡಲು ಅದೇ ಸರಿ.

ಇನ್ನು ಎಂಜಿನಿಯರ್. ‘ಇದರ ಅರ್ಥವೇನು ಸಾರ್?’ ಎಂದರೆ ಅದೇ ವಾಕ್ಯವನ್ನು ಮತ್ತೆ ಓದಿ ಹೇಳುತ್ತಾರೆ. ‘ಹೀಗೆ ಮಾಡದಿದ್ದರೆ ಏನಾಗುತ್ತೆ?’ ಎಂದು ಕೇಳಿ, ಮಾತು ಬಿಚ್ಚಿಕೊಳ್ಳುತ್ತದೆ. ಮುಚ್ಚಿದ ವಾಲ್ವಿನ ಹಿಂದೆ ಅದೇ ನೀರು ಒಳಗೇ ಸುತ್ತಿ ಕಾಯುತ್ತದೆ, ಸೀಲ್ ಸುಡುತ್ತದೆ. ಹಾಗಾಗಿ ಪಂಪ್ ವೇಗ ಹಿಡಿದೊಡನೆ ವಾಲ್ವನ್ನು ನಿಧಾನ ತೆರೆಯಬೇಕು. ಎರಡೂ ಸೂಚನೆ ಸರಿ, ನಡುವಿನ ಹೊತ್ತಷ್ಟೇ ಬಿಟ್ಟುಹೋಗಿತ್ತು.

‘ಎಲ್ಲ ಪಂಪಿಗೂ ಹೀಗೆಯೇ?’ ಎಂದೂ ಕೇಳಿಬಿಡಿ. ಆಕ್ಸಿಯಲ್ ಫ್ಲೋ ಪಂಪಿನಲ್ಲಿ ಲೆಕ್ಕ ತಿರುಗುಮುರುಗು: ಹರಿವು ನಿಂತಾಗಲೇ ಹೊರೆ ಹೆಚ್ಚು, ವಾಲ್ವ್ ತೆರೆದೇ ಚಾಲೂ ಮಾಡಬೇಕು.