ನೆರೆ ಬಂದು ಕಾರ್ಖಾನೆ ಮುಚ್ಚಿದರೆ ಸಂಬಳ?

ಕಾರ್ಖಾನೆಗೆ ನೆರೆ ನುಗ್ಗಿದಾಗ ಗೇಟಿನ ನೋಟಿಸು ‘ಇಂದು ಕೆಲಸವಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಯಾವ ಪಾಳಿ ಬರಬೇಕು, ಹಾಜರಿ ಹಾಕಬೇಕೆ, ಸಂಬಳವೇನು ಎಂಬುದೂ ಅದರಲ್ಲಿರಬೇಕು. ಪ್ರಕೃತಿ ವಿಕೋಪದಿಂದ ಕೆಲಸ ಕೊಡಲಾಗದ ಸ್ಥಿತಿಯನ್ನು ಕಾನೂನು ‘ಲೇ-ಆಫ್’ ಎನ್ನುತ್ತದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಈ ನಿಯಮವನ್ನು 2020ರ ಕೈಗಾರಿಕಾ ಸಂಬಂಧ ಸಂಹಿತೆಯೂ ಉಳಿಸಿಕೊಂಡಿದೆ. ಐವತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ, ಹಾಜರಿ ಪಟ್ಟಿಯಲ್ಲಿ ಹೆಸರಿದ್ದು ಒಂದು ವರ್ಷ ಸತತ ದುಡಿದವರಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಿಗಬೇಕು. ಇವೆರಡೂ ಸೇರಿ ದಿನಕ್ಕೆ 600 ರೂಪಾಯಿ ಇದ್ದರೆ ಪರಿಹಾರ 300. ವಾರದ ರಜೆಗೆ ಏನೂ ಇಲ್ಲ.

ಎಡವಟ್ಟಾಗುವುದು ಹಾಜರಿಯಲ್ಲಿ. ನಿಗದಿತ ಹೊತ್ತಿಗೆ ದಿನಕ್ಕೊಮ್ಮೆ ಮುಖ ತೋರಿಸದವರಿಗೆ ಪರಿಹಾರವಿಲ್ಲ. ಹಾಗಾಗಿ ಹಾಜರಿಗೆ ವಿನಾಯಿತಿ ಇದ್ದರೆ ನೋಟಿಸಿನಲ್ಲೇ ಬರೆಯಿಸಿಕೊಳ್ಳಬೇಕು. ಅದೇ ಕಾರ್ಖಾನೆಯ ಇನ್ನೊಂದು ವಿಭಾಗದ ಮುಷ್ಕರದಿಂದ ಕೆಲಸ ನಿಂತರೂ ಈ ಅರ್ಧ ಸಂಬಳ ಸಿಗುವುದಿಲ್ಲ.