ನೆಲಕ್ಕೆ ಒರಗದ ರಂಗೋಲಿ

ದೀಪಾವಳಿಯ ಶುಭಾಶಯ ಪತ್ರ, ಗೃಹಪ್ರವೇಶದ ಆಮಂತ್ರಣ, ಹಬ್ಬದ ದಿನ ಮನೆಮಂದಿಗೆಲ್ಲ ಕಳಿಸುವ ಚಿತ್ರ, ಎಲ್ಲದರಲ್ಲೂ ಮನೆಬಾಗಿಲಿನ ಫೋಟೊಕ್ಕೆ ಆಮೇಲೆ ಸೇರಿಸಿದ ರಂಗೋಲಿ ಈಗ ಸಾಮಾನ್ಯ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ನೋಡಿದ ಕೂಡಲೇ ಏನೋ ಸರಿಯಿಲ್ಲ ಅನ್ನಿಸುತ್ತದೆ. ರಂಗೋಲಿ ನೆಲಕ್ಕೆ ಒರಗಿರುವುದಿಲ್ಲ, ಹೊಸಿಲ ಮುಂದೆ ಎದ್ದು ನಿಂತಿರುತ್ತದೆ. ಪಕ್ಕದಲ್ಲೇ ಹಣತೆ ಉರಿಯುತ್ತಿದ್ದರೂ ಅದರ ಬೆಳಕು ಪುಡಿಯ ಮೇಲೆ ಬಿದ್ದಿರುವುದಿಲ್ಲ. ಈ ಎರಡು ದೋಷಗಳಿಗೂ ಮೂಲ ಒಂದೇ. ನೆಲದ ಮೇಲೆ ಇರಬೇಕಾದದ್ದನ್ನು ಫೋಟೊದ ಮೇಲೆ ನೇರವಾಗಿ ಬಿಡಿಸಲು ಹೋಗುತ್ತೇವೆ. ಅದನ್ನು ಮೊದಲು ಮೇಲಿನಿಂದ ನೋಡಿದಂತೆ ಚೌಕ ಹಾಳೆಯಲ್ಲಿ ಬಿಡಿಸಿ, ಆಮೇಲೆ ಇಡೀ ಹಾಳೆಯನ್ನೇ ನೆಲಕ್ಕೆ ಹಾಸಬೇಕು. ರಂಗೋಲಿಯ ಎಳೆ, ಪುಡಿಯ ಕಣ, ದೀಪದಿಂದ ನೆಲಕ್ಕೆ ಬಿದ್ದ ಬೆಳಕು ಮೂರೂ ಆ ಹಾಳೆಯಲ್ಲೇ ಇರಬೇಕು.

ಹಾಸುವುದೆಂದರೇನು ಎಂಬುದನ್ನು ಒಂದು ಫೋಟೊ ಇಟ್ಟುಕೊಂಡೇ ನೋಡೋಣ. ಮನೆಯ ಮುಂದೆ 2 ಅಡಿ ಅಗಲ, 2 ಅಡಿ ಉದ್ದದ ಟೈಲ್ಸ್ ಹಾಕಿದ ಜಾಗ. ಸಂಜೆಗತ್ತಲು. ನಾಲ್ಕು ಟೈಲ್‌ಗಳು ಕೂಡುವ ಮೂಲೆಯ ಮೇಲೆ ಒಂದು ಹಣತೆ ಉರಿಯುತ್ತಿದೆ. ಫೋಟೊ ತೆಗೆದವರು ಮೊಬೈಲನ್ನು ಎದೆಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ, ಬಾಗಿಸದೆ ನೆಟ್ಟಗೆ ಹಿಡಿದಿದ್ದಾರೆ. ಆ ನಾಲ್ಕು ಟೈಲ್‌ಗಳ ಹತ್ತಿರದ ಅಂಚು ಅವರಿಂದ 8 ಅಡಿ ದೂರದಲ್ಲಿದೆ, ಆಚೆಯ ಅಂಚು 12 ಅಡಿ ದೂರದಲ್ಲಿ. ಈ 4 ಅಡಿ ಚೌಕದಲ್ಲಿ ನಮ್ಮ ರಂಗೋಲಿ ಕೂರಬೇಕು. ಮೊಬೈಲಿನ ಮಾಮೂಲಿ ಕ್ಯಾಮೆರಾದಲ್ಲಿ ತೆಗೆದ 3000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಹತ್ತಿರದ ಅಂಚಿನ ಉದ್ದ ಸುಮಾರು 1500 ಪಿಕ್ಸೆಲ್ ಬರುತ್ತದೆ. ಆಚೆಯ ಅಂಚು 1000. ಎರಡೂ ಅಂಚುಗಳ ನಡುವಿನ ಎತ್ತರ ಬರೀ 500.

ಇಲ್ಲಿ ಹೆಚ್ಚಿನವರು ರಂಗೋಲಿಯ ಚಿತ್ರವನ್ನು ಮೇಲಿಂದ ಕೆಳಕ್ಕೆ ಚಪ್ಪಟೆ ಮಾಡಿ, ಮೇಲಿನ ಅಂಚನ್ನು ಸ್ವಲ್ಪ ಕಿರಿದು ಮಾಡಿ ಬಿಡುತ್ತಾರೆ. ಹೊರಗಿನ ಆಕಾರ ಸರಿಯಾಗಿಯೇ ಕಾಣುತ್ತದೆ, ಒಳಗಿನ ಲೆಕ್ಕ ಮಾತ್ರ ತಪ್ಪಿರುತ್ತದೆ. ಕಾರಣ, ದೂರ ಹೋದಂತೆಲ್ಲ ನೆಲ ಅಗಲದಲ್ಲಿ ಕುಗ್ಗುವುದಕ್ಕಿಂತ ಬೇಗ ಆಳದಲ್ಲಿ ಕುಗ್ಗುತ್ತದೆ. ನಮ್ಮ ಫೋಟೊದಲ್ಲಿ ಹಣತೆ ನಿಂತಿರುವ ನಟ್ಟನಡುವಿನ ಬಿಂದು 500 ಪಿಕ್ಸೆಲ್‌ಗಳ ಅರ್ಧಕ್ಕೆ, ಅಂದರೆ 250ಕ್ಕೆ, ಬರುವುದಿಲ್ಲ. ಕೆಳಗಿನ ಅಂಚಿನಿಂದ 300ಕ್ಕೆ ಬರುತ್ತದೆ. ಹತ್ತಿರದ ಎರಡು ಅಡಿ 300 ಪಿಕ್ಸೆಲ್ ತೆಗೆದುಕೊಂಡರೆ ಆಚೆಯ ಎರಡು ಅಡಿಗೆ ಉಳಿಯುವುದು 200 ಮಾತ್ರ. ಇದನ್ನು ಲೆಕ್ಕವಿಲ್ಲದೆಯೂ ಕಂಡುಕೊಳ್ಳಬಹುದು. ಫೋಟೊದ ಮೇಲೆ ಚೌಕದ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ಅವು ಕೂಡುವ ಜಾಗವೇ ನಿಜವಾದ ನಡು. ರಂಗೋಲಿಯ ನಡುಚುಕ್ಕಿ ಅಲ್ಲಿ ಕೂರದಿದ್ದರೆ ಎಷ್ಟೇ ತಿದ್ದಿದರೂ ಚಿತ್ರ ಎದ್ದೇ ನಿಲ್ಲುತ್ತದೆ.

ಚುಕ್ಕಿ ರಂಗೋಲಿಯಾದರೆ ಪರೀಕ್ಷೆ ಇನ್ನೂ ಸುಲಭ. 15 ಚುಕ್ಕಿ, 15 ಸಾಲಿನ ರಂಗೋಲಿ ಹಾಕಿದಿರಿ ಅನ್ನಿ. ಸರಿಯಾಗಿ ಹಾಸಿದ ಚಿತ್ರದಲ್ಲಿ ನಿಮಗೆ ಹತ್ತಿರವಿರುವ ಎರಡು ಸಾಲುಗಳ ನಡುವಿನ ಅಂತರ, ಆಚೆ ತುದಿಯ ಎರಡು ಸಾಲುಗಳ ಅಂತರದ ಎರಡು ಪಟ್ಟಿಗಿಂತ ತುಸು ಹೆಚ್ಚಿರುತ್ತದೆ. ಸಾಲುಗಳೆಲ್ಲ ಸಮ ಅಂತರದಲ್ಲಿದ್ದರೆ ಅದು ಚಪ್ಪಟೆ ಮಾಡಿದ್ದು, ಹಾಸಿದ್ದಲ್ಲ. ಹಾಗೆಯೇ ನಿಮ್ಮಿಂದ ದೂರಕ್ಕೆ ಹೋಗುವ ಚುಕ್ಕಿಸಾಲುಗಳನ್ನು ಮೇಲಕ್ಕೆ ಬೆಳೆಸಿದರೆ, ಟೈಲ್‌ಗಳ ಸಂದುಗೆರೆಗಳು ಹೋಗಿ ಸೇರುವ ಬಿಂದುವಿನಲ್ಲೇ ಅವೂ ಸೇರಬೇಕು. ಆ ಬಿಂದು ಬಾಗಿಲಿನ ಮೇಲೆ ಕ್ಯಾಮೆರಾದ ಎತ್ತರಕ್ಕೇ, ಅಂದರೆ ನೆಲದಿಂದ ಸುಮಾರು 4 ಅಡಿಗೆ, ಬರಬೇಕು. ನಮ್ಮ ಲೆಕ್ಕದಲ್ಲಿ ಅದು ಹತ್ತಿರದ ಅಂಚಿನಿಂದ 1500 ಪಿಕ್ಸೆಲ್ ಮೇಲಿದೆ. ರಂಗೋಲಿಯ ಸಾಲುಗಳು ಬಾಗಿಲ ಚೌಕಟ್ಟನ್ನೂ ದಾಟಿ ಮೇಲೆಲ್ಲೋ ಸೇರುತ್ತಿದ್ದರೆ, ಅದನ್ನು ಮಾಳಿಗೆಯಿಂದ ನೋಡಿದ ಹಾಗೆ ಬಿಡಿಸಿದಂತಾಯಿತು.

ಈಗ ಹಾಳೆ. ಜಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನೆಲ್ಲ ಮಾಡಬಹುದು. 2400 ಪಿಕ್ಸೆಲ್ ಚೌಕದ, ಹಿನ್ನೆಲೆ ಪಾರದರ್ಶಕವಾಗಿರುವ ಪದರ ತೆರೆದರೆ ಒಂದು ಇಂಚಿಗೆ 50 ಪಿಕ್ಸೆಲ್ ಸಿಗುತ್ತದೆ. ನುರಿತ ಕೈಯಿಂದ ಬೀಳುವ ಎಳೆ 4 ಮಿಲಿಮೀಟರ್ ದಪ್ಪ ಎಂದಿಟ್ಟುಕೊಂಡರೆ ಹಾಳೆಯ ಮೇಲೆ ಅದು 8 ಪಿಕ್ಸೆಲ್. ಕುಂಚದಿಂದ ಎಳೆದ ಗೆರೆಯ ಅಂಚು ನುಣುಪಾಗಿರುತ್ತದೆ, ಪುಡಿಯ ಅಂಚು ಹಾಗಿರುವುದಿಲ್ಲ. ಅದಕ್ಕೆ Filters ಪಟ್ಟಿಯ Noise ಒಳಗಿರುವ Spread ಬಳಸಿ ಅಂಚನ್ನು ಒಂದೆರಡು ಪಿಕ್ಸೆಲ್ ಚೆದುರಿಸಬೇಕು. ಇದನ್ನು ಹಾಸುವ ಮೊದಲೇ ಮಾಡಬೇಕು, ಆಗ ದೂರದ ಕಣಗಳು ತಾವಾಗಿಯೇ ಸಣ್ಣವಾಗುತ್ತವೆ. ಹಾಸಿದ ಮೇಲೆ ಮಾಡಿದರೆ ಹತ್ತಿರದ ಕಣ, ದೂರದ ಕಣ ಒಂದೇ ಗಾತ್ರವಾಗಿ ಕೆಲಸ ಕೆಡುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಎಳೆಯಲ್ಲಿ ಬಿಡಿಸಿದ ಹಳೆಯ ಚಿತ್ರ ನಿಮ್ಮಲ್ಲಿದ್ದರೆ Color to Alpha ಆಯ್ದು ಕಪ್ಪನ್ನು ತೆಗೆದುಹಾಕಬಹುದು. ಬಣ್ಣದ ರಂಗೋಲಿಗೆ ಇದು ಹೊಂದುವುದಿಲ್ಲ. ಕಡುನೀಲಿ, ಕಡುಹಸಿರು ಪುಡಿಗಳೂ ಅರೆಪಾರದರ್ಶಕವಾಗಿ ಅವುಗಳ ಅಡಿಯ ಟೈಲ್ ಇಣುಕತೊಡಗುತ್ತದೆ.

ಹಾಸುವ ಕೆಲಸ Perspective ಸಾಧನದ್ದು. ಪದರದ ನಾಲ್ಕು ಮೂಲೆಗಳನ್ನು ಹಿಡಿದು ನಾಲ್ಕು ಟೈಲ್‌ಗಳ ಚೌಕದ ಹೊರಮೂಲೆಗಳ ಮೇಲೆ ಇಟ್ಟರೆ ಒಳಗಿನ ಲೆಕ್ಕವನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ನಡು 300ಕ್ಕೆ ಬರುವುದು, ಸಾಲುಗಳ ಅಂತರ ಕುಗ್ಗುವುದು ಎಲ್ಲವೂ ತಾನಾಗಿ ಆಗುತ್ತದೆ. ಜೊತೆಗೆ ಇನ್ನೊಂದು ಸೂಕ್ಷ್ಮವೂ ಸಿದ್ಧಿಸುತ್ತದೆ. ನಿಮ್ಮಿಂದ ದೂರಕ್ಕೆ ಹೋಗುವ ಎಳೆ ದಪ್ಪವಾಗಿಯೂ ಅಡ್ಡಕ್ಕೆ ಹೋಗುವ ಎಳೆ ತೆಳ್ಳಗೂ ಕಾಣುತ್ತದೆ. ನಮ್ಮ ಫೋಟೊದ ನಡುವಿನಲ್ಲಿ ಅಡ್ಡ ಎಳೆಯ ದಪ್ಪ, ಉದ್ದ ಎಳೆಯ ದಪ್ಪದ ಐದರಲ್ಲಿ ಎರಡು ಭಾಗ ಮಾತ್ರ. ಫೋಟೊದ ಮೇಲೆಯೇ ಕುಂಚ ಹಿಡಿದು ಬಿಡಿಸುವವರ ಎಳೆಗಳೆಲ್ಲ ಒಂದೇ ದಪ್ಪವಿರುವುದರಿಂದಲೇ ಅವು ಗಾಜಿನ ಮೇಲೆ ಬರೆದಂತೆ ಕಾಣುವುದು.

ಮೊಬೈಲಿನ 0.5 ಎಂಬ ವಿಶಾಲ ಕ್ಯಾಮೆರಾದಲ್ಲಿ ತೆಗೆದ ಫೋಟೊ ಮಾತ್ರ ಬೇಡ. ಅದರಲ್ಲಿ ಅಂಚಿನ ಕಡೆಯ ನೇರ ಗೆರೆಗಳು ಬಾಗಬಹುದು. ಬಾಗಿದ ಸಂದುಗೆರೆಗೆ ನೇರ ಚುಕ್ಕಿಸಾಲು ಎಲ್ಲಿಯೂ ಹೊಂದುವುದಿಲ್ಲ.

ಇಷ್ಟಾದರೆ ರಂಗೋಲಿ ನೆಲಕ್ಕೆ ಒರಗುತ್ತದೆ, ಬೆಳಗುವುದು ಇನ್ನೂ ಬಾಕಿ. ಹಣತೆಯ ಬೆಳಕು ಎಷ್ಟು ಬೇಗ ಇಳಿಯುತ್ತದೆ ಎಂಬುದು ಬಹಳ ಮಂದಿಯ ಅಂದಾಜಿಗೆ ಸಿಕ್ಕುವುದಿಲ್ಲ. ಅದರ ಕುಡಿ ನೆಲದಿಂದ ಎರಡೇ ಇಂಚು ಮೇಲಿದೆ ಅಂದುಕೊಳ್ಳಿ. ಎರಡು ಇಂಚು ಪಕ್ಕದಲ್ಲಿ ನೆಲಕ್ಕೆ ಬೀಳುವ ಬೆಳಕಿಗೆ ಹೋಲಿಸಿದರೆ ನಾಲ್ಕು ಇಂಚು ಪಕ್ಕದಲ್ಲಿ ಬೀಳುವುದು ಅದರ ಕಾಲುಭಾಗ. ಎಂಟು ಇಂಚಿನಲ್ಲಿ 25ರಲ್ಲಿ ಒಂದು ಭಾಗ. ದೂರ ಹೆಚ್ಚಿದಂತೆ ಬೆಳಕು ಕ್ಷೀಣಿಸುವುದಷ್ಟೇ ಅಲ್ಲ, ಓರೆಯಾಗಿ ಬೀಳುವುದರಿಂದ ಇನ್ನಷ್ಟು ಹರಡಿ ತೆಳುವಾಗುತ್ತದೆ. ಎರಡಡಿ ಎತ್ತರದ ಹಿತ್ತಾಳೆ ದೀಪದ ಕಂಬವಾದರೆ ಸಂಗತಿಯೇ ಬೇರೆ. ಅದರ ಬೆಳಕು ಎರಡಡಿ ಆಚೆಗೂ ಬುಡದ ಸುತ್ತಲಿನ ಬೆಳಕಿನ ಮೂರರಲ್ಲೊಂದು ಭಾಗದಷ್ಟು ಉಳಿಯುತ್ತದೆ. ಆದ್ದರಿಂದ ಒಂದೇ ಹಣತೆಯಿಟ್ಟು ನಾಲ್ಕಡಿ ರಂಗೋಲಿಯನ್ನೆಲ್ಲ ಹೊಂಬಣ್ಣದಲ್ಲಿ ಮೀಯಿಸಿದ ಚಿತ್ರವನ್ನು ಕಣ್ಣು ನಂಬುವುದಿಲ್ಲ.

ಇದನ್ನೂ ಹಾಳೆಯ ಮೇಲೆಯೇ ಮಾಡಬೇಕು. ರಂಗೋಲಿಯ ಪದರವನ್ನು ಎರಡು ಮಾಡಿಕೊಳ್ಳಿ. ಕೆಳಗಿನದನ್ನು Curves ಬಳಸಿ ಸಂಜೆಗತ್ತಲಿಗೆ ತಕ್ಕಂತೆ ಮಂಕಾಗಿಸಿ, ಸ್ವಲ್ಪ ನೀಲಿಗೆ ಎಳೆಯಿರಿ. ಮೇಲಿನದನ್ನು ಬೆಳಗಿಸಿ, ಕೆಂಪು ಏರಿಸಿ ನೀಲಿ ಚೆನ್ನಾಗಿ ಇಳಿಸಿ, ಅದಕ್ಕೆ ಕಪ್ಪು ಮಾಸ್ಕ್ ಹಾಕಿ. ಮಾಸ್ಕಿನ ನಡುವಿನಲ್ಲಿ 600 ಪಿಕ್ಸೆಲ್ ತ್ರಿಜ್ಯದ, ಅಂದರೆ ಒಂದು ಅಡಿಯ, ಬಿಳಿಯಿಂದ ಕಪ್ಪಿಗೆ ಇಳಿಯುವ ದುಂಡು ಛಾಯೆ ಬಿಡಿಸಿ. ಛಾಯೆ ಸಮವಾಗಿ ಇಳಿಯುತ್ತದೆ, ಬೆಳಕು ಹಾಗೆ ಇಳಿಯುವುದಿಲ್ಲವಾದ್ದರಿಂದ ಮಾಸ್ಕಿಗೂ Curves ಹಾಕಿ ನಡುಭಾಗವನ್ನು ಕೆಳಕ್ಕೆ ಎಳೆಯಬೇಕು. ಆಮೇಲೆ ಎರಡೂ ಪದರಗಳನ್ನು ಒಂದೇ ಗುಂಪಿಗೆ ಹಾಕಿ ಒಟ್ಟಿಗೆ ಹಾಸಿದರೆ ದುಂಡು ಬೆಳಕು ನೆಲದ ಮೇಲೆ ಅಂಡಾಕಾರವಾಗಿ, ಹಣತೆಯ ಸುತ್ತ ಸರಿಯಾಗಿ ಕೂರುತ್ತದೆ. ಪುಡಿಯ ಬಣ್ಣವನ್ನೇ ಬೆಳಗಿಸಿದ್ದರಿಂದ ನೀಲಿ ಪುಡಿ ಹಣತೆಯ ಬಳಿಯೂ ಕಪ್ಪಾಗಿಯೇ ಉಳಿಯುತ್ತದೆ. ಎಣ್ಣೆದೀಪದ ಬೆಳಕಿನಲ್ಲಿ ನೀಲಿ ತೀರಾ ಕಡಿಮೆ, ಹಾಗೇ ಇರಬೇಕು. ಕಿತ್ತಳೆ ಬಣ್ಣವನ್ನು ಮೇಲೆ ಬಳಿದು ಹೊಳಪು ತರಿಸಿದವರ ಚಿತ್ರದಲ್ಲಿ ಮಾತ್ರ ನೀಲಿ ಪುಡಿಯೂ ಕಿತ್ತಳೆಯಾಗುತ್ತದೆ.

ಚಿತ್ರದಲ್ಲಿ ಹಾಸಬಾರದ ಬೆಳಕು ಒಂದಿದೆ, ಕುಡಿಯ ಸುತ್ತಲಿನ ಪ್ರಭೆ. ಅದು ಲೆನ್ಸಿನಲ್ಲಿ ಬೆಳಕು ಚೆದುರಿ ಆದದ್ದು, ನೆಲಕ್ಕೆ ಸಂಬಂಧಪಟ್ಟದ್ದಲ್ಲ. ಆದ್ದರಿಂದ ಅದು ದುಂಡಗೇ ಇರಬೇಕು. ನಮ್ಮ ಫೋಟೊದಲ್ಲಿ ನಿಜವಾದ ಹಣತೆಯೇ ಉರಿಯುತ್ತಿರುವುದರಿಂದ ಪ್ರಭೆ ಆಗಲೇ ಬಂದಿದೆ, ಮತ್ತೆ ಸೇರಿಸುವುದು ಬೇಡ. ರಂಗೋಲಿಯ ಪದರದಲ್ಲಿ ಹಣತೆ ಇರುವ ಭಾಗವನ್ನು ಕತ್ತರಿಸಿ ತೆಗೆದರೆ ಸಾಕು. ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಹಣತೆಯ ಅಂಚು ತನ್ನ ಬುಡಕ್ಕೆ ನೆರಳು ಹಾಕಿರುತ್ತದೆ. ಟೈಲ್ ಮೇಲೆ ಆ ನೆರಳು ಎಲ್ಲಿಯವರೆಗಿದೆ ನೋಡಿಕೊಂಡು ಅಲ್ಲಿಯ ಎಳೆಗಳನ್ನೂ ಅಷ್ಟೇ ಮಂಕಾಗಿಸಬೇಕು. ಹೊಳಪಿನ ಟೈಲ್‌ನಲ್ಲಿ ಹಣತೆಯ ಪ್ರತಿಬಿಂಬ ನಮ್ಮ ಕಡೆಗೆ ಚಾಚಿಕೊಂಡಿರುತ್ತದೆ. ಪುಡಿಗೆ ಹೊಳಪಿಲ್ಲ, ಹಾಗಾಗಿ ಎಳೆ ಹಾದುಹೋಗುವಲ್ಲೆಲ್ಲ ಆ ಪ್ರತಿಬಿಂಬ ತುಂಡಾಗಬೇಕು. ಪದರದ ಮೋಡ್ Normal ಇದ್ದರೆ ಅದು ತಾನಾಗಿಯೇ ಆಗುತ್ತದೆ. Screen ಇಟ್ಟರೆ ಪ್ರತಿಬಿಂಬ ಎಳೆಯೊಳಗಿಂದ ಹಾಯ್ದು ಬಂದು ಮೋಸ ಬಯಲಾಗುತ್ತದೆ.

ಎಷ್ಟು ಮಂಕು, ಎಷ್ಟು ಬೆಳಕು ಎಂಬುದನ್ನು ಊಹಿಸುವ ಕಷ್ಟವೂ ಬೇಕಿಲ್ಲ. ಫೋಟೊ ತೆಗೆಯುವಾಗಲೇ ಹಣತೆಯಿಂದ ನಾಲ್ಕು ಇಂಚು ದೂರದಲ್ಲಿ ಒಂದು, ಚೌಕದ ಮೂಲೆಯಲ್ಲಿ ಒಂದು ಚಿಟಿಕೆ ನಿಜವಾದ ರಂಗೋಲಿ ಪುಡಿ ಹಾಕಿ, ಕ್ಯಾಮೆರಾ ಕದಲಿಸದೆ ಇನ್ನೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಪರದೆಯ ಮೇಲೆ ನಿಮ್ಮ ಎಳೆಯನ್ನು ಆ ಚಿಟಿಕೆಗೆ ಹೊಂದಿಸುತ್ತ ಹೋದರಾಯಿತು. ಸಂಜೆಯ ನೆಲದ ಮೇಲೆ ಬಿಳಿ ಪುಡಿ ಎಷ್ಟು ಬೂದಿಯಾಗಿ ಕಾಣುತ್ತದೆ ಎಂಬುದು ಆಗಲೇ ಗೊತ್ತಾಗುವುದು. ಹಣತೆಯ ತೀರಾ ಹತ್ತಿರ ಬಿಟ್ಟರೆ ಅಚ್ಚ ಬಿಳುಪು ಉಳಿಯುವುದು ಕಡಿಮೆ.

ಸೆಗಣಿ ಸಾರಿಸಿದ ಅಂಗಳದಲ್ಲೋ ಕೆಂಪು ಗಾರೆಯ ನೆಲದಲ್ಲೋ ಹಿಡಿಯಲು ಸಂದುಗೆರೆಗಳಿಲ್ಲ. ಅಲ್ಲಿ ಫೋಟೊಕ್ಕೆ ಮುಂಚೆ ನೂಲು ಹಿಡಿದು 4 ಅಡಿ ಚೌಕದ ನಾಲ್ಕು ಮೂಲೆಗಳಿಗೆ ಸುಣ್ಣದ ಚುಕ್ಕಿ ಇಡಬೇಕು. ಮೂಲೆಯಿಂದ ಮೂಲೆಗೆ ಎರಡೂ ಕಡೆ 5 ಅಡಿ 8 ಇಂಚು ಬಂದರೆ ಚೌಕ ಸರಿಯಿದೆ. ಅಂಗಳ ನೀರು ಹರಿಯಲೆಂದು ಸ್ವಲ್ಪ ಇಳಿಜಾರಾಗಿದ್ದರೂ ತೊಂದರೆಯಿಲ್ಲ, ಚುಕ್ಕಿಗಳು ಆ ಇಳಿಜಾರನ್ನೂ ಹಿಡಿದಿರುತ್ತವೆ. ನೆಲ ಉಬ್ಬುತಗ್ಗಾಗಿದ್ದರೆ ಮಾತ್ರ ನಾಲ್ಕು ಮೂಲೆಗಳ ವಿದ್ಯೆ ಅಲ್ಲಿಗೆ ನಿಲ್ಲುತ್ತದೆ. ರಂಗೋಲಿ ಮೆಟ್ಟಿಲ ಮೇಲೂ ಹತ್ತಬೇಕಾದರೆ ಹಾಳೆಯನ್ನು ಮೆಟ್ಟಿಲ ಅಂಚಿಗೆ ಎರಡಾಗಿ ಕತ್ತರಿಸಿ, ಅಂಗಳಕ್ಕೊಂದು, ಮೆಟ್ಟಿಲಿಗೊಂದು ಬೇರೆ ಬೇರೆಯಾಗಿ ಹಾಸಬೇಕು. ನಡುವೆ ನಿಂತ ಮೆಟ್ಟಿಲ ಮುಖದ ಮೇಲೆ ಎಳೆ ಹಾಯಿಸಬಾರದು, ಅಲ್ಲಿ ಪುಡಿ ನಿಲ್ಲುವುದಿಲ್ಲ.